ಬೀಜವಿಲ್ಲದ ಕಲ್ಲಂಗಡಿ ಮತ್ತು ಹಾರ್ಮೋನ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸಿಗೆ ಶುರುವಾದರೆ ಸಾಕು, ಬೀಜವಿಲ್ಲದ ಕಲ್ಲಂಗಡಿಯ ಬಗ್ಗೆ ಅವೇ ಪ್ರಶ್ನೆಗಳು ಬರುತ್ತವೆ. ತಿನ್ನುವವರು ಕೇಳುತ್ತಾರೆ, ಬೆಳೆಯುವವರೂ ಕೇಳುತ್ತಾರೆ. ಹೆಚ್ಚಿನ ಗೊಂದಲಕ್ಕೆ ಕಾರಣ ಒಂದೇ. ಹಣ್ಣಿನಲ್ಲಿ ಬೀಜ ಇಲ್ಲದಂತೆ ಮಾಡಲು ಬೇರೆ ಬೇರೆ ದಾರಿಗಳಿವೆ, ಜನ ಎಲ್ಲವನ್ನೂ ಒಂದೇ ಅಂದುಕೊಂಡಿದ್ದಾರೆ. ಅದನ್ನು ಇಲ್ಲಿ ಬಿಡಿಸಿ ಹೇಳಲು ನೋಡುತ್ತೇನೆ.

ಬೀಜವಿಲ್ಲದ ಕಲ್ಲಂಗಡಿಗೆ ಹಾರ್ಮೋನ್ ಇಂಜೆಕ್ಷನ್ ಹಾಕುತ್ತಾರಾ?

ಇಲ್ಲ. ಇಂಜೆಕ್ಷನ್ ಕೊಟ್ಟು ಕಾಯಿಯೊಳಗಿನ ಬೀಜ ಮಾಯ ಮಾಡಲು ಆಗುವುದಿಲ್ಲ. ಬೀಜ ಕಟ್ಟುತ್ತದೋ ಇಲ್ಲವೋ ಎಂಬುದು ಹೂವು ಅರಳುವ ಆಸುಪಾಸಿನಲ್ಲೇ ತೀರ್ಮಾನವಾಗುತ್ತದೆ, ಆಮೇಲೆ ಬೆಳೆದ ಕಾಯಿಗೆ ಏನು ಚುಚ್ಚಿದರೂ ಬೀಜ ಕರಗುವುದಿಲ್ಲ. ಅಂಗಡಿಯಲ್ಲಿ ಬೀಜವಿಲ್ಲದ ಕಲ್ಲಂಗಡಿ ಅಂತ ಸಿಗುವುದು ಟ್ರಿಪ್ಲಾಯ್ಡ್ ತಳಿ, ಅಂದರೆ ವರ್ಣತಂತುಗಳು ಜೋಡಿಯ ಬದಲು ಮೂರು ಮೂರು ಇರುವ ತಳಿ. ಅದರ ಬೀಜ ಬಿತ್ತುವಾಗಲೇ, ಅದರಿಂದ ಬರುವ ಹಣ್ಣಿನಲ್ಲಿ ಬೀಜ ಇರುವುದಿಲ್ಲ ಎಂದು ಗೊತ್ತಿರುತ್ತದೆ.

ಇನ್ನೊಂದು ಮಾತು ಕೇಳಿದರೆ ಹಲವರಿಗೆ ನಂಬಿಕೆಯೇ ಬರುವುದಿಲ್ಲ. ಈ ಗಿಡಕ್ಕೆ ಕಾಯಿ ಕಚ್ಚಲು ಪರಾಗ ಬೇಕೇ ಬೇಕು, ಜೇನುನೊಣ ಬೇಕು, ಪಕ್ಕದಲ್ಲಿ ಬೀಜ ಇರುವ ಕಲ್ಲಂಗಡಿಯ ಬಳ್ಳಿಯೂ ಬೇಕು.

ಹಣ್ಣಿಗೂ ಬೀಜಕ್ಕೂ ಏನು ಸಂಬಂಧ? ಬೀಜ ಇಲ್ಲದೆ ಕಾಯಿ ಯಾಕೆ ಬೆಳೆಯುವುದಿಲ್ಲ?

ಕಲ್ಲಂಗಡಿ, ಸೌತೆ, ಕುಂಬಳ, ಯಾವುದಾದರೂ ಬಳ್ಳಿಯ ಹೆಣ್ಣು ಹೂವನ್ನು ನೋಡಿ. ಹೂವಿನ ಬುಡದಲ್ಲಿ ಆಗಲೇ ಒಂದು ಪುಟ್ಟ ಹೀಚು ಇರುತ್ತದೆ. ಅರಳುವ ಹಿಂದಿನ ದಿನ ಅದಕ್ಕೆ ಕಾಗದದ ಚೀಲ ಕಟ್ಟಿ ಪರಾಗ ತಾಕದಂತೆ ಮಾಡಿ. ಕೆಲವೇ ದಿನಗಳಲ್ಲಿ ಹೀಚು ಹಳದಿಯಾಗಿ ಸುರುಟಿ ಉದುರುತ್ತದೆ. ಬಳ್ಳಿಗೆ ನೀರು, ಗೊಬ್ಬರ ಎಲ್ಲಾ ಇದ್ದರೂ ಉದುರುತ್ತದೆ.

ಕಾರಣ ಇಷ್ಟೇ, ಹೀಚು ಒಂದು ಸೂಚನೆಗಾಗಿ ಕಾಯುತ್ತಿರುತ್ತದೆ. ಪರಾಗ ಬಿದ್ದು, ಅದರ ನಾಳ ಒಳಗಿಳಿದು, ಬೀಜ ಕಟ್ಟಲು ಶುರುವಾದರೆ, ಅಲ್ಲಿಂದ ಆಕ್ಸಿನ್, ಜಿಬ್ಬರೆಲಿನ್ ಎಂಬ ಹಾರ್ಮೋನ್‌ಗಳು ಹರಿಯುತ್ತವೆ. 'ಒಳಗೆ ಬೀಜ ಇದೆ, ಬೆಳೆ' ಎನ್ನುವ ಸೂಚನೆ ಅದು. ಬೀಜವೇ ಇಲ್ಲದ ಕಾಯಿಗೆ ಊಟ ಹಾಕುವುದು ಗಿಡಕ್ಕೆ ನಷ್ಟ, ಅದಕ್ಕೇ ಉದುರಿಸುತ್ತದೆ.

ಇದನ್ನು ಬಹಳ ಚೆನ್ನಾಗಿ ತೋರಿಸಿದ್ದು 1950ರಲ್ಲಿ ನಿಚ್ ಎಂಬ ಸಸ್ಯವಿಜ್ಞಾನಿ, ಸ್ಟ್ರಾಬೆರಿಯಲ್ಲಿ. ಸ್ಟ್ರಾಬೆರಿಯ ಮೈಮೇಲೆ ಚುಕ್ಕಿಗಳಂತೆ ಕಾಣುವುದರಲ್ಲೇ ಬೀಜಗಳಿರುವುದು ಅಲ್ವಾ, ಅವನ್ನು ಎಳೆಯದರಲ್ಲೇ ಕಿತ್ತುಹಾಕಿದರೆ ಹಣ್ಣು ಬೆಳೆಯುವುದು ನಿಂತಿತು. ಕಿತ್ತ ಮೇಲೆ ಆಕ್ಸಿನ್ ಸವರಿದರೆ ಮತ್ತೆ ಬೆಳೆಯಿತು. ಅಂದರೆ ಹಣ್ಣಿಗೆ ಬೇಕಿದ್ದದ್ದು ಬೀಜವಲ್ಲ, ಬೀಜ ಕೊಡುವ ಸೂಚನೆ. ಮುಂದಿನದ್ದೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಪಾರ್ಥೆನೊಕಾರ್ಪಿ ಅಂದರೆ ಇದೇನಾ?

ಹೌದು. ಗರ್ಭಕಟ್ಟದೆಯೇ ಹಣ್ಣಾಗುವುದಕ್ಕೆ ಪಾರ್ಥೆನೊಕಾರ್ಪಿ ಎನ್ನುತ್ತಾರೆ. ಕೆಲವು ಗಿಡಗಳಲ್ಲಿ ಇದು ಹುಟ್ಟುಗುಣ, ಹೊರಗಿನ ಸೂಚನೆ ಬೇಕಿಲ್ಲ. ನಮ್ಮ ಬಾಳೆ ನೋಡಿ. ಏಲಕ್ಕಿ ಬಾಳೆ ಆಗಲಿ, ನಂಜನಗೂಡು ರಸಬಾಳೆ ಆಗಲಿ, ಪರಾಗ ತಾಕದೆಯೇ ಕಾಯಿ ತುಂಬುತ್ತದೆ, ಒಳಗಿನ ಸಣ್ಣ ಕಪ್ಪು ಚುಕ್ಕಿಗಳು ಬೀಜವಾಗದೆ ಉಳಿದುಹೋದವು. ಪಾಲಿಹೌಸ್‌ನಲ್ಲಿ ಬೆಳೆಯುವ ಉದ್ದನೆಯ ಇಂಗ್ಲಿಷ್ ಸೌತೆಯೂ ಹೀಗೇ. ಅದಕ್ಕೆ ಪರಾಗ ತಾಕಿದರೇ ತೊಂದರೆ, ಬೀಜ ಕಟ್ಟಿ ತುದಿ ಊದಿಕೊಳ್ಳುತ್ತದೆ, ಅದಕ್ಕೇ ಜೇನುನೊಣ ಬಾರದಂತೆ ಪರದೆ ಹಾಕುತ್ತಾರೆ.

ಕಲ್ಲಂಗಡಿಗೆ ಈ ಹುಟ್ಟುಗುಣ ಇಲ್ಲ. ಆದ್ದರಿಂದ ಬೀಜವಿಲ್ಲದ ಕಲ್ಲಂಗಡಿ ಬೇಕಾದರೆ ಎರಡರಲ್ಲಿ ಒಂದು ಆಗಬೇಕು. ಬೀಜದ ಬದಲು ನಾವೇ ಹೊರಗಿನಿಂದ ಸೂಚನೆ ಕೊಡಬೇಕು, ಇಲ್ಲವೇ ಸೂಚನೆ ಸಿಕ್ಕರೂ ಬೀಜ ಕಟ್ಟಲಾಗದ ಗಿಡ ಬೇಕು. ಮೊದಲನೆಯದು ಹಾರ್ಮೋನ್ ದಾರಿ, ಎರಡನೆಯದು ಟ್ರಿಪ್ಲಾಯ್ಡ್ ದಾರಿ.

ಹಾರ್ಮೋನ್‌ನಿಂದ ನಿಜವಾಗಿಯೂ ಬೀಜವಿಲ್ಲದ ಹಣ್ಣು ಮಾಡುತ್ತಾರಾ?

ಮಾಡುತ್ತಾರೆ, ಇದೇನೂ ಹೊಸದಲ್ಲ. 1936ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಗುಸ್ಟಾಫ್ಸನ್, ಟೊಮೆಟೊ ಮತ್ತಿತರ ಗಿಡಗಳ ಹೂವಿಗೆ ಪರಾಗದ ಬದಲು ಆಕ್ಸಿನ್ ಬೆರೆಸಿದ ಮುಲಾಮು ಹಚ್ಚಿ ಹಣ್ಣು ಪಡೆದರು.

ವ್ಯಾಪಾರಕ್ಕಾಗಿ ಇದನ್ನು ತುಂಬಾ ಅಚ್ಚುಕಟ್ಟಾಗಿ ಮಾಡುವವರು ಜಪಾನಿನ ದ್ರಾಕ್ಷಿ ಬೆಳೆಗಾರರು. ಅಲ್ಲಿ ಡೆಲವೇರ್ ಎಂಬ ಸಣ್ಣ ಕೆಂಪು ದ್ರಾಕ್ಷಿ ಇದೆ. ಅದು ಬೀಜ ಇರುವ ತಳಿ. ಅದರ ಗೊಂಚಲು ತೀರಾ ಒತ್ತಾಗಿರುತ್ತದೆ, ಸ್ವಲ್ಪ ಉದ್ದ ಮಾಡಲು ಆಗುತ್ತದಾ ಅಂತ 1950ರ ದಶಕದ ಕೊನೆಯಲ್ಲಿ ಜಿಬ್ಬರೆಲಿನ್ ಪ್ರಯೋಗ ಮಾಡಿದರು. ಗೊಂಚಲಿನ ಜೊತೆಗೆ ಸಿಕ್ಕಿದ್ದು ಬೀಜವಿಲ್ಲದ ಹಣ್ಣು!

ಕ್ರಮ ಹೀಗಿದೆ. ಜಿಬ್ಬರೆಲಿನ್ ಅನ್ನು 100 ಪಿಪಿಎಂ ಹದಕ್ಕೆ ಕಲಸುತ್ತಾರೆ, ಅಂದರೆ 10 ಲೀಟರ್ ನೀರಿಗೆ 1 ಗ್ರಾಂ. ಹೂವು ಪೂರ್ತಿ ಅರಳಲು ಸುಮಾರು 14 ದಿನ ಇರುವಾಗ, ಒಂದೊಂದೇ ಗೊಂಚಲನ್ನು ಕಪ್‌ನಲ್ಲಿ ಅದ್ದುತ್ತಾರೆ. ಆ ಹೊತ್ತಿನಲ್ಲಿ ಹೂವಿನ ಒಳಗೆ ಪರಾಗವೂ ಅಂಡವೂ ತಯಾರಾಗುತ್ತಿರುತ್ತವೆ, ಈ ಅದ್ದುವಿಕೆಯಿಂದ ಎರಡೂ ಕೆಡುತ್ತವೆ. ಬೀಜ ಕಟ್ಟುವ ದಾರಿ ಅಲ್ಲಿಗೆ ಮುಚ್ಚಿತು. ಆದರೆ ಬೀಜ ಇಲ್ಲದ ಹಣ್ಣು ಮೆಣಸಿನ ಕಾಳಿನಷ್ಟೇ ಉಳಿದುಬಿಡುತ್ತದೆ, ಏಕೆಂದರೆ ದೊಡ್ಡದಾಗಲು ಸೂಚನೆ ಕೊಡುವವರಿಲ್ಲ. ಆದ್ದರಿಂದ ಹೂವು ಅರಳಿದ ಸುಮಾರು 10 ದಿನಕ್ಕೆ ಇನ್ನೊಮ್ಮೆ ಅದ್ದುತ್ತಾರೆ. ಮೊದಲನೇ ಸಲ ಬೀಜ ತಪ್ಪಿಸಲು, ಎರಡನೇ ಸಲ ಬೀಜದ ಕೆಲಸ ಮಾಡಲು.

ಮೊದಲ ಅದ್ದುವಿಕೆ ತಡವಾದರೆ ಹಣ್ಣಿನಲ್ಲಿ ಅಲ್ಲಲ್ಲಿ ಬೀಜ ಉಳಿಯುತ್ತದೆ. ಗಿಡ ಮಾತ್ರ ಬದಲಾಗುವುದಿಲ್ಲ, ಅದೇ ಬಳ್ಳಿಯಲ್ಲಿ ಅದ್ದದೆ ಬಿಟ್ಟ ಗೊಂಚಲು ಎಂದಿನಂತೆ ಬೀಜ ಕಟ್ಟುತ್ತದೆ. ಮುಂದಿನ ವರ್ಷ ಮತ್ತೆ ಒಂದೊಂದೇ ಗೊಂಚಲು ಅದ್ದಬೇಕು.

ವಿಜಯಪುರದ ಬೀಜವಿಲ್ಲದ ದ್ರಾಕ್ಷಿಗೂ ಜಿ.ಎ., ಅಂದರೆ ಜಿಬ್ಬರೆಲಿನ್ ಹೊಡೆಯುತ್ತಾರಲ್ಲ, ಅದೂ ಇದೇನಾ?

ಅಲ್ಲ, ಇಲ್ಲಿ ತುಂಬಾ ಜನ ಎಡವುತ್ತಾರೆ. ವಿಜಯಪುರ, ಬಾಗಲಕೋಟೆ ಕಡೆ ಬೆಳೆಯುವ ಥಾಂಪ್ಸನ್ ಸೀಡ್‌ಲೆಸ್ ಮತ್ತು ಅದರಿಂದ ಬಂದ ತಳಿಗಳು ಹುಟ್ಟಿನಿಂದಲೇ ಬೀಜವಿಲ್ಲದವು. ಅವುಗಳಲ್ಲಿ ಪರಾಗ ಬೀಳುತ್ತದೆ, ಗರ್ಭವೂ ಕಟ್ಟುತ್ತದೆ, ಆದರೆ ಬೀಜ ಎಳೆಯದರಲ್ಲೇ ನಿಂತುಹೋಗುತ್ತದೆ. ಹಾಗಾಗಿ ಇದು ಪಾರ್ಥೆನೊಕಾರ್ಪಿಯೂ ಅಲ್ಲ. ರೈತರು ಜಿ.ಎ. ಕೊಡುವುದು ಗೊಂಚಲು ಬಿಡಿಬಿಡಿಯಾಗಲಿ, ಕಾಳು ಉದ್ದ ದಪ್ಪ ಆಗಲಿ ಅಂತ. ಜಿ.ಎ. ಕೊಡದಿದ್ದರೆ ಕಾಳು ಸಣ್ಣದಾಗುತ್ತದೆ ಅಷ್ಟೇ, ಬೀಜ ಬರುವುದಿಲ್ಲ.

ಹಾಗಾದರೆ ಕಲ್ಲಂಗಡಿಗೂ ಹಾರ್ಮೋನ್ ಹಚ್ಚಿ ಬೀಜವಿಲ್ಲದಂತೆ ಮಾಡಬಹುದಲ್ಲ?

ಮಾಡಬಹುದು. ಫೋರ್‌ಕ್ಲೋರ್‌ಫೆನ್ಯುರಾನ್ ಎಂಬ ರಾಸಾಯನಿಕ ಇದೆ, ಸಿಪಿಪಿಯು ಅಂತ ಚಿಕ್ಕದಾಗಿ ಕರೆಯುತ್ತಾರೆ. ಪರಾಗ ತಾಕದಂತೆ ಮುಚ್ಚಿಟ್ಟ ಹೆಣ್ಣು ಹೂವಿನ ಹೀಚಿಗೆ, ಅರಳಿದ ಹೊತ್ತಿನಲ್ಲಿ ಇದನ್ನು ಹಚ್ಚಿದರೆ ಸಾಮಾನ್ಯ ಕಲ್ಲಂಗಡಿಯಲ್ಲೂ ಬೀಜವಿಲ್ಲದ ಕಾಯಿ ಬರುತ್ತದೆ. ಚೀನಾ, ಜಪಾನ್, ಕೊರಿಯಾಗಳಲ್ಲಿ ಇದನ್ನು ಬಳಸುತ್ತಾರೆ, ಆದರೆ ಅಲ್ಲೂ ಮುಖ್ಯ ಉದ್ದೇಶ ಬೀಜ ತೆಗೆಯುವುದಲ್ಲ. ಚಳಿಗಾಲದ ಪಾಲಿಹೌಸ್‌ನಲ್ಲಿ ಜೇನುನೊಣ ಹಾರುವುದಿಲ್ಲ, ಪರಾಗವೂ ಸರಿಯಾಗಿ ಕೆಲಸ ಮಾಡುವುದಿಲ್ಲ, ಆಗ ಕಾಯಿ ನಿಲ್ಲಿಸಲು ಬೇಕಾಗುತ್ತದೆ.

ದೊಡ್ಡ ಹೊಲದಲ್ಲಿ ಈ ದಾರಿ ಯಾಕೆ ಕೂಡಿಬರುವುದಿಲ್ಲ ಎನ್ನುವುದು ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಪ್ರತಿ ಹೆಣ್ಣು ಹೂವನ್ನೂ ಅರಳುವ ಮುಂಚೆ ಹುಡುಕಿ ಮುಚ್ಚಬೇಕು, ಅದು ಅರಳುವುದು ಒಂದೇ ಬೆಳಿಗ್ಗೆ, ಆ ಬೆಳಿಗ್ಗೆಯೇ ಹಚ್ಚಬೇಕು, ಜೇನುನೊಣ ಒಮ್ಮೆ ಕೂತರೂ ಬೀಜ ಕಟ್ಟುತ್ತದೆ. ಸಾವಿರಾರು ಬಳ್ಳಿಗಳಿಗೆ ಇದನ್ನು ಮಾಡುವ ಕೂಲಿ ಎಲ್ಲಿಂದ ತರುವುದು? ಹದ ಜಾಸ್ತಿಯಾದರೆ ಕಾಯಿ ಸೊಟ್ಟಗಾಗುತ್ತದೆ, ಸಿಪ್ಪೆ ದಪ್ಪವಾಗುತ್ತದೆ, ಸೀಳುತ್ತದೆ. 2011ರಲ್ಲಿ ಚೀನಾದ ಜಿಯಾಂಗ್‌ಸು ಪ್ರಾಂತ್ಯದ ಡಾನ್ಯಾಂಗ್‌ನಲ್ಲಿ ಕಲ್ಲಂಗಡಿಗಳು ಹೊಲದಲ್ಲೇ ಒಡೆದುಹೋದ ಸುದ್ದಿ ನೆನಪಿದೆಯಾ? ಹೊತ್ತು ಮೀರಿ ಈ ರಾಸಾಯನಿಕ ಹೊಡೆದದ್ದರ ಕಡೆಗೇ ಹೆಚ್ಚು ಜನ ಬೆರಳು ತೋರಿಸಿದರು. ಆದರೆ ಹೊಡೆಯದ ಕೆಲವರ ಹೊಲದಲ್ಲೂ ಒಡೆದಿದ್ದವು, ಜೋರು ಮಳೆಯೂ ಬಂದಿತ್ತು, ತೆಳು ಸಿಪ್ಪೆಯ ತಳಿ ಎಂಬ ಮಾತೂ ಇತ್ತು. ಅದನ್ನೆಲ್ಲ ಬಿಟ್ಟು 'ಹಾರ್ಮೋನ್ ಬಾಂಬ್' ಅಂತ ಹಂಚಿಕೊಳ್ಳುವುದು ತಪ್ಪು.

ಟ್ರಿಪ್ಲಾಯ್ಡ್ ಅಂದರೆ ಏನು?

ಸಾಮಾನ್ಯ ಕಲ್ಲಂಗಡಿಯ ಜೀವಕೋಶದಲ್ಲಿ 22 ವರ್ಣತಂತುಗಳಿವೆ, ತಾಯಿಯಿಂದ 11, ತಂದೆಯಿಂದ 11. ಅಂದರೆ 11 ಬಗೆ, ಪ್ರತಿ ಬಗೆಯಲ್ಲೂ ಒಂದು ಜೋಡಿ. ಟ್ರಿಪ್ಲಾಯ್ಡ್‌ನಲ್ಲಿ ಜೋಡಿಯ ಬದಲು ಮೂರು ಮೂರು, ಒಟ್ಟು 33.

ಇದನ್ನು ಮಾಡಿ ತೋರಿಸಿದವರು ಜಪಾನಿನ ಹಿತೋಶಿ ಕಿಹಾರ. ಗೋಧಿಯ ವರ್ಣತಂತುಗಳ ಮೇಲೆ ದೊಡ್ಡ ಕೆಲಸ ಮಾಡಿದವರು ಅವರು. ಟ್ರಿಪ್ಲಾಯ್ಡ್ ಕಲ್ಲಂಗಡಿಯ ಬಗ್ಗೆ 1951ರಲ್ಲಿ ಅವರು ಅಮೆರಿಕದ ತೋಟಗಾರಿಕೆ ಪತ್ರಿಕೆಯಲ್ಲಿ ಬರೆದ ಮೇಲೆ ಹೊರಗಿನವರಿಗೂ ವಿಷಯ ತಿಳಿಯಿತು. ನಮ್ಮಲ್ಲಿ ದೆಹಲಿಯ ಪೂಸಾ ಸಂಸ್ಥೆಯ ಪೂಸಾ ಬೇದಾನ, ಬೆಂಗಳೂರಿನ ಹೆಸರಘಟ್ಟದ ಅರ್ಕಾ ಮಧುರಾ, ಕೇರಳ ಕೃಷಿ ವಿಶ್ವವಿದ್ಯಾಲಯದ ಶೋಣಿಮಾ ಮತ್ತು ಸ್ವರ್ಣ, ಇವೆಲ್ಲ ಟ್ರಿಪ್ಲಾಯ್ಡ್‌ಗಳೇ.

ಹಣ್ಣಿನಲ್ಲಿ ಬೀಜವೇ ಇಲ್ಲ ಅಂದಮೇಲೆ ಬಿತ್ತಲು ಬೀಜ ಎಲ್ಲಿಂದ ಬರುತ್ತದೆ?

ಒಳ್ಳೆಯ ಪ್ರಶ್ನೆ. ಪ್ರತಿ ಸಲವೂ ಬೇರೆ ಅಪ್ಪ ಅಮ್ಮನಿಂದ ಹೊಸದಾಗಿ ಮಾಡಬೇಕು.

ಮೊದಲು ಸಾಮಾನ್ಯ ಕಲ್ಲಂಗಡಿಯ ಸಸಿ, ಬೀಜದ ಎರಡು ಎಲೆ ಬಿಟ್ಟಾಗ, ಅವುಗಳ ನಡುವಿನ ಕುಡಿಗೆ ಕಾಲ್ಚಿಸಿನ್ ಎಂಬ ರಾಸಾಯನಿಕದ ದ್ರಾವಣದ ಹನಿ ಬಿಡುತ್ತಾರೆ. ಹದ ಶೇಕಡಾ 0.1ರಿಂದ 0.2ರಷ್ಟು, ಕೆಲವು ದಿನ. ಜೀವಕೋಶ ಎರಡಾಗುವಾಗ ವರ್ಣತಂತುಗಳನ್ನು ಎರಡು ಬದಿಗೆ ಎಳೆಯುವ ಸೂಕ್ಷ್ಮ ಎಳೆಗಳಿರುತ್ತವೆ, ಕಾಲ್ಚಿಸಿನ್ ಅವನ್ನು ಕಟ್ಟಲು ಬಿಡುವುದಿಲ್ಲ. ವರ್ಣತಂತುಗಳು ದುಪ್ಪಟ್ಟಾದವು, ಆದರೆ ಕೋಶ ಒಡೆಯಲಿಲ್ಲ. 22 ಇದ್ದದ್ದು 44 ಆಯಿತು. ಇದು ಟೆಟ್ರಾಪ್ಲಾಯ್ಡ್. ಹನಿ ಬಿಟ್ಟ ಸಸಿಗಳಲ್ಲಿ ಕೆಲವೇ ಕೆಲವು ಹೀಗಾಗುತ್ತವೆ, ಅವನ್ನು ದಪ್ಪ ಎಲೆ, ದೊಡ್ಡ ಹೂವು, ದಪ್ಪ ಪರಾಗದ ಕಣ ನೋಡಿ ಆರಿಸುತ್ತಾರೆ. ಆಮೇಲೆ ಹಲವು ತಲೆಮಾರು ಅದನ್ನೇ ಅದರ ಪರಾಗದಿಂದ ಬೆಳೆಸಿ ತಳಿ ನಿಲ್ಲಿಸುತ್ತಾರೆ.

ಈ ಟೆಟ್ರಾಪ್ಲಾಯ್ಡ್ ತಾಯಿ, ಸಾಮಾನ್ಯ ಕಲ್ಲಂಗಡಿ ತಂದೆ. ತಾಯಿಯಿಂದ 22, ತಂದೆಯಿಂದ 11, ಒಟ್ಟು 33. ತಾಯಿಯ ಹಣ್ಣಿನೊಳಗೆ ಸಿಗುವ ಬೀಜಗಳೇ ಟ್ರಿಪ್ಲಾಯ್ಡ್ ಬೀಜ. ಅದಲುಬದಲು ಮಾಡಿದರೆ, ಅಂದರೆ ಸಾಮಾನ್ಯ ತಾಯಿಗೆ ಟೆಟ್ರಾಪ್ಲಾಯ್ಡ್ ಪರಾಗ ಹಾಕಿದರೆ, ಮೊಳೆಯುವಂಥ ಬೀಜ ಸಿಗುವುದಿಲ್ಲ. ಟೆಟ್ರಾಪ್ಲಾಯ್ಡ್ ತಾಯಿ ಒಂದು ಹಣ್ಣಿಗೆ ಕೊಡುವ ಬೀಜವೂ ಕಡಿಮೆ. ಈ ಬೀಜದ ಬೆಲೆ ಯಾಕೆ ಅಷ್ಟೊಂದು ಅಂತ ಕೇಳುವವರಿಗೆ ಉತ್ತರ ಇಲ್ಲಿದೆ.

ಇದರಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಉಪಾಯ ಇದೆ. ತಾಯಿಯಾಗಿ ಪಟ್ಟೆ ಇಲ್ಲದ ತಿಳಿ ಸಿಪ್ಪೆಯ ತಳಿ, ತಂದೆಯಾಗಿ ಪಟ್ಟೆ ಇರುವ ತಳಿ ಆರಿಸುತ್ತಾರೆ. ಪಟ್ಟೆ ಮೇಲುಗೈ ಗುಣ, ಹಾಗಾಗಿ ನಿಜವಾದ ಟ್ರಿಪ್ಲಾಯ್ಡ್ ಬಳ್ಳಿಯಲ್ಲಿ ಪಟ್ಟೆ ಕಾಯಿ ಬಿಡುತ್ತದೆ. ಎಲ್ಲಾದರೂ ತಾಯಿಗೆ ಅದರದ್ದೇ ಪರಾಗ ಬಿದ್ದಿದ್ದರೆ ಆ ಬೀಜದ ಬಳ್ಳಿಯಲ್ಲಿ ಪಟ್ಟೆ ಇಲ್ಲದ ಕಾಯಿ ಬಿಡುತ್ತದೆ. ಹೊಲದಲ್ಲಿ ನೋಡಿದ ಕೂಡಲೇ ಬೇರೆ ಮಾಡಬಹುದು.

33 ಇದ್ದರೆ ಬೀಜ ಯಾಕೆ ಕಟ್ಟುವುದಿಲ್ಲ? ಒಂದೇ ಒಂದು ಕಪ್ಪು ಬೀಜ ಸಿಕ್ಕಿದರೆ ಮೋಸವಾ?

ಬೀಜ ಕಟ್ಟಲು ಗಿಡ ತನ್ನ ವರ್ಣತಂತುಗಳನ್ನು ಸಮನಾಗಿ ಎರಡು ಪಾಲು ಮಾಡಬೇಕು. ಜೋಡಿ ಇದ್ದರೆ ಸುಲಭ, ಆ ಕಡೆಗೊಂದು ಈ ಕಡೆಗೊಂದು. ಮೂರು ಇದ್ದರೆ ಒಂದು ಕಡೆಗೆ ಎರಡು, ಇನ್ನೊಂದು ಕಡೆಗೆ ಒಂದು. ಯಾವ ಕಡೆಗೆ ಎಷ್ಟು ಎಂಬುದು ನಾಣ್ಯ ಚಿಮ್ಮಿದ ಹಾಗೆ. 11 ಬಗೆಗೂ ಬೇರೆ ಬೇರೆಯಾಗಿ ಚಿಮ್ಮಬೇಕು.

ಅಂಡ ಸರಿಯಾಗಿ ಕೆಲಸ ಮಾಡಬೇಕಾದರೆ ಎಲ್ಲಾ ಬಗೆಯಲ್ಲೂ ಒಂದೊಂದೇ ಇರಬೇಕು, ಇಲ್ಲವೇ ಎಲ್ಲದರಲ್ಲೂ ಎರಡೆರಡು. ಅಂದರೆ 11 ನಾಣ್ಯವೂ ಒಂದೇ ಮುಖ ಬೀಳಬೇಕು. 11 ಸಲ ಚಿಮ್ಮಿದರೆ 2,048 ಬಗೆಯಲ್ಲಿ ಬೀಳಬಹುದು, ಅದರಲ್ಲಿ ನಮಗೆ ಬೇಕಾದವು ಎರಡೇ. 1,024ರಲ್ಲಿ ಒಂದು! ಉಳಿದವುಗಳಲ್ಲಿ ಕೆಲವು ಬಗೆ ಒಂದು, ಕೆಲವು ಎರಡು, ಅಂಥ ಅಂಡ ಬೀಜವಾಗುವುದಿಲ್ಲ.

ಒಂದು ಕಾಯಿಯೊಳಗೆ ಬೀಜವಾಗಬೇಕಾದ ಮೊಗ್ಗುಗಳು ಕೆಲವು ನೂರು ಇರುತ್ತವೆ. ಹಾಗಾಗಿ ಅಪರೂಪಕ್ಕೆ ಒಂದು ಗಟ್ಟಿ ಬೀಜ ಸಿಕ್ಕರೆ ಅದು ಮೋಸವಲ್ಲ, ಈ ಲೆಕ್ಕದೊಳಗೇ ಬರುತ್ತದೆ.

ತೆಳ್ಳಗಿನ ಬಿಳಿ ಬೀಜಗಳು ಖಾಲಿ ಸಿಪ್ಪೆಗಳು. ಬೀಜದ ಸಿಪ್ಪೆ ತಾಯಿಯ ಅಂಗಾಂಶ, ಅದು ಸ್ವಲ್ಪ ಬೆಳೆಯುತ್ತದೆ, ಒಳಗೆ ಮೊಳಕೆ ಇರುವುದಿಲ್ಲ. ಸುಮ್ನೆ ಅಗಿದು ನುಂಗಬಹುದು. ಕೆಲವೊಮ್ಮೆ ಬಳ್ಳಿಗೆ ಬಿಸಿಲು, ನೀರಿನ ಏರುಪೇರು ಆದಾಗ ಇವೇ ಖಾಲಿ ಸಿಪ್ಪೆಗಳು ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗುತ್ತವೆ. ಒಡೆದು ನೋಡಿ, ಒಳಗೆ ಏನೂ ಇರುವುದಿಲ್ಲ.

ಬೀಜವೇ ಕಟ್ಟದ ಗಿಡಕ್ಕೆ ಪರಾಗ ಯಾಕೆ?

ಮೇಲೆ ಹೇಳಿದ ಸೂಚನೆ ನೆನಪಿದೆಯಲ್ಲ, ಅದಕ್ಕೆ. ಟ್ರಿಪ್ಲಾಯ್ಡ್ ಆದರೂ ಹೀಚು ಹೀಚೇ, 'ಬೆಳೆ' ಅಂತ ಯಾರಾದರೂ ಹೇಳಬೇಕು. ಪರಾಗ ಬಿದ್ದು, ನಾಳ ಒಳಗಿಳಿದರೆ ಹೀಚು ಎಚ್ಚರಗೊಳ್ಳುತ್ತದೆ. ಕಾಯಿ ಬೆಳೆಯುತ್ತದೆ, ಬೀಜ ಮಾತ್ರ ಆಗುವುದಿಲ್ಲ.

ಆದರೆ ಟ್ರಿಪ್ಲಾಯ್ಡ್ ಬಳ್ಳಿಯ ಗಂಡು ಹೂವಿನ ಪರಾಗ ಹೆಚ್ಚುಕಡಿಮೆ ಸತ್ತದ್ದೇ, ಅದೇ ನಾಣ್ಯದ ಲೆಕ್ಕದಿಂದ. ಆದ್ದರಿಂದ ಸಾಮಾನ್ಯ ಕಲ್ಲಂಗಡಿಯ ಪರಾಗ ಬೇಕು. ಮೂರು ಟ್ರಿಪ್ಲಾಯ್ಡ್‌ಗೆ ಒಂದು ಸಾಮಾನ್ಯ ಗಿಡ ಎಂಬುದು ರೂಢಿ, 1,000 ಗಿಡ ನೆಟ್ಟರೆ 250 ಪರಾಗಕ್ಕಾಗಿ. ಆ ಗಿಡದ ಕಾಯಿ ನೋಡಲು ಬೇರೆಯಾಗಿರಬೇಕು, ಇಲ್ಲದಿದ್ದರೆ ಕೊಯ್ಲಿನಲ್ಲಿ ಬೀಜದ ಕಾಯಿಯೂ ಬೀಜವಿಲ್ಲದ ಕಾಯಿಯೂ ಬೆರೆತುಹೋಗುತ್ತವೆ.

ಕಾಲ್ಚಿಸಿನ್ ವಿಷ ಅಲ್ವಾ? ಹಣ್ಣಿನಲ್ಲಿ ಉಳಿದಿರುವುದಿಲ್ಲವಾ? ಇದು ಕುಲಾಂತರಿಯಾ?

ಕಾಲ್ಚಿಸಿನ್ ವಿಷವೇ. ನಮ್ಮ ಬೇಲಿಗಳಲ್ಲಿ ಬೆಂಕಿಯಂತೆ ಅರಳುವ ಅಗ್ನಿಶಿಖೆಯ ಗೆಡ್ಡೆಯಲ್ಲೂ ಬೀಜದಲ್ಲೂ ಅದೇ ಇರುವುದು, ಅದನ್ನು ತಿಂದರೆ ಪ್ರಾಣಕ್ಕೇ ಅಪಾಯ. ಆದರೆ ಹನಿ ಬಿಟ್ಟದ್ದು ಎಷ್ಟೋ ತಲೆಮಾರುಗಳ ಹಿಂದಿನ ಒಂದು ಸಸಿಯ ಕುಡಿಗೆ. ಅದರ ಮಕ್ಕಳು ಮೊಮ್ಮಕ್ಕಳಿಗೆ 44 ವರ್ಣತಂತು ಬಂತು, ಔಷಧಿ ಬರಲಿಲ್ಲ. ಬೆಳೆಗಾರ ಕೊಳ್ಳುವ ಬೀಜಕ್ಕಾಗಲಿ, ನೀವು ತಿನ್ನುವ ಹಣ್ಣಿಗಾಗಲಿ ಅದನ್ನು ಹಾಕುವುದಿಲ್ಲ. ಬೇರೆ ಜೀವಿಯ ಜೀನ್ ಸೇರಿಸಿಲ್ಲ, ಆದ್ದರಿಂದ ಕುಲಾಂತರಿಯೂ ಅಲ್ಲ.

ದುಬಾರಿ ಬೀಜ ತಂದೆ, ಅರ್ಧವೂ ಮೊಳೆಯಲಿಲ್ಲ. ಬೀಜ ಕೆಟ್ಟದ್ದಾ?

ಇರಬಹುದು, ಆದರೆ ಮೊದಲು ನೀರನ್ನು ಅನುಮಾನಿಸಿ. ಟ್ರಿಪ್ಲಾಯ್ಡ್ ಬೀಜದ ಸಿಪ್ಪೆ ದಪ್ಪ, ಒಳಗಿನ ಮೊಳಕೆ ಸಣ್ಣದು, ನಡುವೆ ಖಾಲಿ ಜಾಗ ಇರುತ್ತದೆ. ನೀರು ಜಾಸ್ತಿಯಾದರೆ ಆ ಜಾಗದಲ್ಲಿ ತುಂಬಿಕೊಂಡು ಮೊಳಕೆ ಉಸಿರುಕಟ್ಟಿ ಕೊಳೆಯುತ್ತದೆ. ಸಾಮಾನ್ಯ ಕಲ್ಲಂಗಡಿಯಂತೆ ಹೊಲದಲ್ಲೇ ಊರಬೇಡಿ. ಪ್ರೋಟ್ರೇಯಲ್ಲಿ, ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಹದವಾದ ಕೋಕೋಪೀಟ್‌ನಲ್ಲಿ, ಚೂಪು ತುದಿ ಮೇಲಾಗಿ ಊರಿ. ಮೊದಲ ಎರಡು ದಿನ ಸುಮಾರು 30 ಡಿಗ್ರಿ ಬೆಚ್ಚಗಿರಬೇಕು, ಮೊಳಕೆ ಕಾಣುವವರೆಗೆ ಮತ್ತೆ ನೀರು ಹಾಕಬೇಡಿ. ಚೂಪು ತುದಿ ಮೇಲಿದ್ದರೆ ಸಿಪ್ಪೆ ಕಳಚಿಕೊಳ್ಳುವುದು ಸುಲಭ. ಆದರೂ ಕೆಲವು ಸಸಿಗಳ ಎಲೆಗೆ ಟೋಪಿಯಂತೆ ಅಂಟಿಕೊಂಡಿರುತ್ತದೆ, ಬೆಳಿಗ್ಗೆ ತೇವ ಇರುವಾಗ ಮೆಲ್ಲಗೆ ಬಿಡಿಸಿ.

ಬಳ್ಳಿ ಹಬ್ಬಿದೆ, ಹೆಣ್ಣು ಹೂವು ಬೇಕಾದಷ್ಟಿವೆ, ಕಾಯಿ ನಿಲ್ಲುತ್ತಿಲ್ಲ. ಹಾರ್ಮೋನ್ ಹೊಡೆಯಲಾ?

ಹೊಡೆಯುವ ಮುಂಚೆ ಬೆಳಿಗ್ಗೆ 7ರಿಂದ 10ರ ನಡುವೆ ಹೊಲದಲ್ಲಿ ನಿಂತು ನೋಡಿ. ಪರಾಗದ ಗಿಡಗಳಲ್ಲಿ ಗಂಡು ಹೂವು ಅರಳಿವೆಯಾ? ಅವು ಹಿಂದೆ ಬಿದ್ದಿದ್ದರೆ ಟ್ರಿಪ್ಲಾಯ್ಡ್‌ನ ಮೊದಲ ಹೆಣ್ಣು ಹೂವುಗಳಿಗೆ ಜೀವಂತ ಪರಾಗವೇ ಸಿಗುವುದಿಲ್ಲ, ಹೀಚು ಹಳದಿಯಾಗಿ ಉದುರುತ್ತದೆ. ಗಂಡು ಹೂವು ಇದ್ದರೆ ಜೇನುನೊಣ ಎಣಿಸಿ. ಟ್ರಿಪ್ಲಾಯ್ಡ್ ಹೂವಿಗೆ ಒಂದೆರಡು ಸಲ ಬಂದರೆ ಸಾಲದು, ನೊಣದ ಮೈಮೇಲೆ ಸತ್ತ ಪರಾಗವೂ ಬೆರೆತಿರುವುದರಿಂದ ಬೀಜದ ಕಲ್ಲಂಗಡಿಗಿಂತ ಹೆಚ್ಚು ಸಲ ಬರಬೇಕು. ಹಿಂದಿನ ದಿನ ಕೀಟನಾಶಕ ಹೊಡೆದಿದ್ದರೆ ನೊಣ ಯಾಕಿಲ್ಲ ಎಂದು ಹುಡುಕಬೇಕಿಲ್ಲ.

ಪರಾಗ ಅರೆಬರೆ ಸಿಕ್ಕರೆ ಕಾಯಿ ನಿಲ್ಲುತ್ತದೆ, ಆದರೆ ಮೂಲೆ ಮೂಲೆಯಾಗಿ ಸೊಟ್ಟಗಿರುತ್ತದೆ, ಕತ್ತರಿಸಿದರೆ ನಡುವೆ ಬಿರುಕು ಬಿಟ್ಟು ಟೊಳ್ಳಾಗಿರುತ್ತದೆ. ಈಗ ಮಾಡಬಹುದಾದದ್ದು ಒಂದೇ. ಬೆಳಿಗ್ಗೆಯೇ ಸಾಮಾನ್ಯ ಗಿಡದ ಗಂಡು ಹೂವು ಕಿತ್ತು, ದಳ ಮಡಚಿ, ಟ್ರಿಪ್ಲಾಯ್ಡ್‌ನ ಹೆಣ್ಣು ಹೂವಿನ ಮೂರೂ ಭಾಗಕ್ಕೆ ತಾಕುವಂತೆ ಮೆಲ್ಲಗೆ ಉಜ್ಜಿ. ಮುಟ್ಟಿದ ಹೂವಿಗೆ ದಾರ ಕಟ್ಟಿ. ನಾಲ್ಕೈದು ದಿನ ಬಿಟ್ಟು ದಾರ ಕಟ್ಟಿದ ಹೀಚು ದಪ್ಪವಾಗಿ ತಲೆ ಬಗ್ಗಿಸಿದ್ದು, ಉಳಿದವು ಉದುರಿದ್ದರೆ ತೊಂದರೆ ಪರಾಗದ್ದೇ. ದಾರ ಕಟ್ಟಿದವೂ ಉದುರಿದ್ದರೆ ಬಳ್ಳಿಯ ಕಡೆ ನೋಡಬೇಕು, ಸಾರಜನಕ ಜಾಸ್ತಿಯಾಗಿ ಬರೀ ಎಲೆ ಬೆಳೆಯುತ್ತಿದೆಯಾ, ಬೇರಿಗೆ ನೀರು ನಿಂತಿದೆಯಾ ಅಂತ.